ಮಾವನ ತೋಟ ನನ್ನ ವಾರ್ಡಿನಲ್ಲೇ ಉಂಟು: ಸ್ಥಳ ಪರಿಶೀಲನೆಗೆ ನಾನು ಹೋಗಬಹುದಾ?

ಗಡಿನಾಡ ಸಹಾಯಕಿ

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ಒಂದು ಕೃಷಿ ಭವನದಲ್ಲಿ ಕೃಷಿ ಸಹಾಯಕಿ. ಯಾವ ಪಂಚಾಯತು ಅಂತ ಇಲ್ಲಿ ಹೇಳುವುದಿಲ್ಲ, ಕ್ಷಮಿಸಿ.

ಮೊನ್ನೆಯ ಗಾಳಿಮಳೆಗೆ ನಮ್ಮ ಕಡೆ ಅಡಕೆ ಮರಗಳು ಸಾಲುಸಾಲಾಗಿ ಬಿದ್ದಿವೆ. ಬೆಳೆನಾಶದ ಪರಿಹಾರಕ್ಕೆ ರೈತರು ಇಲಾಖೆಯ ಪೋರ್ಟಲಿನಲ್ಲಿ ಅರ್ಜಿ ಹಾಕ್ತಾ ಇದ್ದಾರೆ. ಅರ್ಜಿ ಬಂದ ಮೇಲೆ ವಾರ್ಡು ನೋಡಿಕೊಳ್ಳುವ ಸಹಾಯಕರು ತೋಟಕ್ಕೆ ಹೋಗಿ ಮರ ಎಣಿಸಿ, ಫೋಟೋ ತೆಗೆದು ವರದಿ ಕೊಡಬೇಕು. ಅದರ ಮೇಲೆ ಕೃಷಿ ಅಧಿಕಾರಿ ನೋಡಿ ಮೇಲಕ್ಕೆ ಕಳಿಸ್ತಾರೆ. ನನ್ನ ಪಾಲಿಗೆ ಬಂದ ಅರ್ಜಿಗಳಲ್ಲಿ ನನ್ನ ಸೋದರಮಾವನದ್ದೂ ಒಂದು ಉಂಟು. 60 ಮರ ಬಿದ್ದಿದೆ ಅಂತ ಬರೆದಿದ್ದಾರೆ. ನಾನು ಇನ್ನೂ ತೋಟಕ್ಕೆ ಹೋಗಿಲ್ಲ.

ಎರಡನೆಯದು, ಪಂಚಾಯತಿನ ಯೋಜನೆಯಲ್ಲಿ 20 ಜನರಿಗೆ ಸಬ್ಸಿಡಿಯಲ್ಲಿ ಪಂಪ್‌ಸೆಟ್ಟು. ಅರ್ಜಿ 47 ಬಂದಿವೆ. ದಾಖಲೆ ನೋಡಿ ಅಂಕ ಹಾಕಿ ಕರಡು ಪಟ್ಟಿ ಮಾಡುವ ಕೆಲಸ ನನಗೆ ಹೇಳಿದ್ದಾರೆ. ಅದರಲ್ಲೂ ಮಾವ ಇದ್ದಾರೆ.

ಮಾವ ಒಂದು ಮಾತೂ ಕೇಳಿಲ್ಲ, ಕೇಳುವವರೂ ಅಲ್ಲ. ಮಂಜೂರು ಮಾಡುವ ಅಧಿಕಾರ ನನಗಿಲ್ಲ, ನಾನು ವರದಿ ಕೊಡುವವಳು ಮಾತ್ರ. ಆದರೂ ನಾನೇ ಮಾಡುವುದು ಸರಿಯಾ? ಆಫೀಸಿನಲ್ಲಿ ಕೇಳಿದರೆ "ಎಣಿಸಿ ಬರಲಿಕ್ಕೆ ಎಂತ ತೊಂದರೆ, ಲೆಕ್ಕ ಸರಿ ಇದ್ದರಾಯ್ತು" ಅಂತಾರೆ.

ಅಂಚೆಯಣ್ಣ

ಏನೂ ತೊಂದರೆ ಇಲ್ಲ. ನಾನು ಕೇಂದ್ರ ಸರ್ಕಾರದ ನೌಕರ, ನಮ್ಮ 1964ರ ನಡತೆ ನಿಯಮಗಳನ್ನು ಇಲಾಖಾ ಪರೀಕ್ಷೆಗೆ ಓದಿದ್ದೇನೆ. ನಾಲ್ಕನೇ ನಿಯಮದ ಮೂರನೇ ಉಪನಿಯಮ ಹೇಳುವುದು ಇಷ್ಟು: ತನಗೋ ತನ್ನ ಕುಟುಂಬದ ಸದಸ್ಯರಿಗೋ ಹಿತಾಸಕ್ತಿ ಇರುವ ವಿಷಯವನ್ನು ನೌಕರ ತಾನೇ ವಿಲೇವಾರಿ ಮಾಡಬಾರದು, ಮೇಲಧಿಕಾರಿಗೆ ಒಪ್ಪಿಸಬೇಕು. ಇಲ್ಲಿ ಕುಟುಂಬ ಅಂದರೆ ಹೆಂಡತಿ ಅಥವಾ ಗಂಡ, ಅವಲಂಬಿತ ಮಕ್ಕಳು, ಮತ್ತೆ ಪೂರ್ತಿಯಾಗಿ ನಮ್ಮ ಮೇಲೆ ಅವಲಂಬಿತರಾದ ಇತರ ಸಂಬಂಧಿಕರು. ಸ್ವಂತ ತೋಟ ಇರುವ ಸೋದರಮಾವ ಇದರಲ್ಲಿ ಬರುವುದೇ ಇಲ್ಲ. ನೀವು ರಾಜ್ಯದವರು, ನಿಮ್ಮದು 1960ರ ನಿಯಮ. ಆದರೆ ತತ್ವ ಒಂದೇ. ದುಡ್ಡು ಮುಟ್ಟದಿದ್ದರೆ ಸಾಕು, ಧೈರ್ಯವಾಗಿ ಹೋಗಿ ಬನ್ನಿ.

ಬಾಯಾರು ಕೃಷಿಕ

ಅಕ್ಕ, 60 ಮರಕ್ಕೆ ಸಿಗುವುದು ಎಷ್ಟು ಅಂತ ನಿಮಗೇ ಗೊತ್ತುಂಟಲ್ಲ. ಮರ ಕಡಿದು ಹೊರಗೆ ಹಾಕಿದ ಕೂಲಿಗೂ ಸಾಕಾಗುವುದಿಲ್ಲ. ನಮ್ಮ ತೋಟದಲ್ಲಿ ಬಿದ್ದದ್ದನ್ನು ನೋಡಲಿಕ್ಕೆ ಜನ ಬರುವಾಗ ಮರ ಒಣಗಿ ಸೌದೆ ಆಗಿತ್ತು. ನಿಮ್ಮ ಮಾವನಿಗೆ ಕಡಿಮೆ ಬರೆಯಬೇಡಿ, ಅವರ ಹಕ್ಕು ಅದು. ಇದರಲ್ಲಿ ಹೆದರುವಂಥದ್ದು ಎಂತ ಉಂಟು?

ಗಡಿನಾಡ ಸಹಾಯಕಿ

ಪರಿಹಾರ ಸಿಗಬೇಕಾ ಬೇಡವಾ ಅಂತ ನನ್ನ ಪ್ರಶ್ನೆ ಅಲ್ಲ ಅಣ್ಣ. ಸಿಗಲೇಬೇಕು. ಎಣಿಸುವವಳು ನಾನು ಆಗಬಹುದಾ ಅಂತ ಕೇಳಿದ್ದು.

ಕಲೆಕ್ಟರೇಟ್ ನಿವೃತ್ತ

ನಾನು ಕಂದಾಯ ಇಲಾಖೆಯಲ್ಲಿ ಸೇವೆ ಮುಗಿಸಿದವನು. ಇಂಥ ಕಡತಗಳು ನನ್ನ ಮೇಜಿಗೆ ಬೇಕಾದಷ್ಟು ಬಂದಿವೆ. "ನಾನು ವರದಿ ಕೊಡುವವಳು ಮಾತ್ರ" ಅಂದಿರಲ್ಲ ತಂಗಿ, ಅಲ್ಲಿಂದಲೇ ಶುರು ಮಾಡುವಾ.

ಸಹಿ ಹಾಕುವವರು ತೋಟ ನೋಡಿರುವುದಿಲ್ಲ. ಅವರ ಮುಂದೆ ಇರುವುದು ನಿಮ್ಮ ಕಾಗದ, ನಿಮ್ಮ ಫೋಟೋ. ಹಾಗಾಗಿ ನಿಜವಾದ ತೀರ್ಮಾನ ಆಗುವುದು ತೋಟದಲ್ಲೇ. ಎಣಿಸುವುದು ಸುಲಭದ ಕೆಲಸ ಅಂತ ಹೊರಗಿನವರು ತಿಳಿಯುತ್ತಾರೆ. ನೀವು ತೋಟಕ್ಕೆ ಇಳಿದವರು, ನಿಮಗೆ ಗೊತ್ತಿರುವುದನ್ನೇ ಬಿಡಿಸಿ ಹೇಳುತ್ತೇನೆ. ಫಲ ಕೊಡುವ ಮರಕ್ಕೆ ಒಂದು ದರ, ಫಲ ಬಾರದ ಸಸಿಗೆ ಬೇರೆ ದರ. ಐದಾರು ವರ್ಷದ ಮರದಲ್ಲಿ ಸಿಂಗಾರ ಆಗಷ್ಟೇ ಒಡೆದಿರುತ್ತದೆ. ಅದನ್ನು ಯಾವ ಕಲಮಿಗೆ ಹಾಕುತ್ತೀರಿ? ಬುಡ ಸಮೇತ ಕಿತ್ತು ಬಂದ ಮರದ ಬೇರಿನಲ್ಲಿ ಹಸಿ ಮಣ್ಣು ಅಂಟಿಕೊಂಡಿದ್ದರೆ ಈಗ ಬಿದ್ದದ್ದು ಅಂತ ಹೇಳಬಹುದು. ಅರ್ಧಕ್ಕೆ ಮುರಿದು ನಿಂತ ಮರದ ಮುರಿದ ಜಾಗ ಕಪ್ಪಾಗಿದ್ದರೆ ಅದು ಕಳೆದ ಮಳೆಗಾಲದ್ದೋ ಈ ಸಲದ್ದೋ? ಮೊದಲೇ ರೋಗ ಬಂದು ತುದಿ ಸಣ್ಣಗಾಗಿ ನಿಂತಿದ್ದ ಮರ ಗಾಳಿಗೆ ಬಿದ್ದರೆ ಅದು ಗಾಳಿಯ ಲೆಕ್ಕವೋ ರೋಗದ ಲೆಕ್ಕವೋ? 60 ಮರಗಳಲ್ಲಿ ಇಂಥ ಅನುಮಾನದ ಮರ ಹತ್ತಾದರೂ ಇದ್ದೇ ಇರುತ್ತವೆ. ಆ ಹತ್ತರಲ್ಲಿ ನೀವು ಏನು ಬರೆದರೂ ತಪ್ಪು ಅಂತ ಯಾರೂ ಸಾಧಿಸಲಾರರು. ಅದಕ್ಕೇ ಅಲ್ಲಿ ನಿಲ್ಲುವವರು ಸಂಬಂಧಿಕರಾಗಿರಬಾರದು.

ಇದಕ್ಕೆ ಇನ್ನೊಂದು ಮಗ್ಗುಲೂ ಉಂಟು. ನಿಮ್ಮಂಥ ಪ್ರಾಮಾಣಿಕರು ಹೆಚ್ಚಾಗಿ ಮಾಡುವುದು ಏನೆಂದರೆ, ಜನ ಮಾತಾಡಬಾರದು ಅಂತ ಆ ಹತ್ತನ್ನೂ ಬಿಟ್ಟು 50 ಬರೆದು ಬರುವುದು. ಬೇರೆ ಯಾರ ತೋಟವಾಗಿದ್ದರೂ ಅದರಲ್ಲಿ ಆರೇಳು ಮರ ಸೇರಿಸುತ್ತಿದ್ದಿರಿ. ಬಾಯಾರಿನವರು ಪ್ರಶ್ನೆಯನ್ನು ಬೇರೆ ಅರ್ಥ ಮಾಡಿಕೊಂಡರೂ ಹೇಳಿದ ಮಾತು ತಪ್ಪಲ್ಲ. ಸೊಸೆ ಸಹಾಯಕಿ ಆದದ್ದರಿಂದ ಮಾವನಿಗೆ ನಷ್ಟ ಆಗುವುದೂ ಅನ್ಯಾಯವೇ. ಹಾಗಾಗಿ ನೀವು ಹೋಗಬೇಡಿ.

ಅಂಚೆಯಣ್ಣ

ಸರ್, ನಿಯಮದಲ್ಲಿ ಸೋದರಮಾವ ಇಲ್ಲ ಅಂತ ಹೇಳಿದೆನಲ್ಲ. ನಿಯಮ ಬಿಟ್ಟು ಮನಸ್ಸಾಕ್ಷಿಯ ಮೇಲೆ ಆಫೀಸು ನಡೆಸಲಿಕ್ಕೆ ಆಗುವುದಿಲ್ಲ.

ಹೊಸಂಗಡಿ ವಕೀಲೆ

ಅಂಚೆಯಣ್ಣ ಹೇಳಿದ ನಿಯಮ ಸರಿ. ಅದರಲ್ಲಿ ಕುಟುಂಬ ಅನ್ನುವುದಕ್ಕೆ ಕೊಟ್ಟ ಅರ್ಥವೂ ಸರಿ. ಆದರೆ ನಡತೆ ನಿಯಮ ಹೇಳುವುದು ನೌಕರರ ಮೇಲೆ ಶಿಸ್ತುಕ್ರಮ ಯಾವಾಗ ಅನ್ನುವುದನ್ನು. ಆ ನೌಕರರು ಮಾಡಿದ ಕೆಲಸ ಕೋರ್ಟಿನಲ್ಲಿ ನಿಲ್ಲುತ್ತದಾ ಅನ್ನುವುದು ಬೇರೆ ಪ್ರಶ್ನೆ. ಅದಕ್ಕೆ ಕೋರ್ಟು ಅವಲಂಬಿತರ ಪಟ್ಟಿ ನೋಡುವುದಿಲ್ಲ. ಪಕ್ಷಪಾತ ಆಗಬಹುದು ಅನ್ನಲಿಕ್ಕೆ ತಕ್ಕಷ್ಟು ಕಾರಣ ಉಂಟಾ ಅಂತ ಮಾತ್ರ ನೋಡುತ್ತದೆ. ಪಕ್ಷಪಾತ ನಿಜಕ್ಕೂ ಆಯಿತಾ ಅಂತ ಸಾಬೀತು ಮಾಡಬೇಕಾಗಿಲ್ಲ, ಯಾಕೆಂದರೆ ಮನುಷ್ಯನ ಮನಸ್ಸಿನೊಳಗೆ ಏನಿತ್ತು ಅಂತ ಯಾರಿಗೂ ತೋರಿಸಲಿಕ್ಕೆ ಆಗುವುದಿಲ್ಲ.

ಸಹಾಯಕಿಯವರಿಗೆ ಎರಡು ಪ್ರಶ್ನೆ. ಮಾವನ ತೋಟ ಅಂದಿರಿ. ಅದು ಅವರ ಸ್ವಂತ ಸಂಪಾದನೆಯದ್ದಾ, ಕುಟುಂಬದ ಜಾಗವಾ? ನೀವು ಅಳಿಯಸಂತಾನದ ಪೈಕಿಯವರಾ?

ಗಡಿನಾಡ ಸಹಾಯಕಿ

ಹೌದು, ಅಳಿಯಸಂತಾನವೇ. ಜಾಗ ಅಜ್ಜಿಯ ಕಾಲದ್ದು. ಭೂತೆರಿಗೆ ರಶೀದಿ ಮಾವನ ಹೆಸರಿನಲ್ಲೇ ಬರುತ್ತದೆ, ಮನೆಯ ಹಿರಿಯರು ಅಂತ. ಪಾಲು ಆಗಿಲ್ಲ. ಆ ವಿಷಯ ಯಾರೂ ಎತ್ತಿದ್ದೂ ಇಲ್ಲ. ಅಮ್ಮ ನನ್ನ ಜೊತೆಗೇ ಇದ್ದಾರೆ, ಅವರಿಗೆ ಬೇರೆ ಆದಾಯ ಇಲ್ಲ.

ಹೊಸಂಗಡಿ ವಕೀಲೆ

ಹಾಗಾದರೆ ಇದು ಬರೀ ಮಾವನ ಅರ್ಜಿ ಅಲ್ಲ.

ಕೇರಳದಲ್ಲಿ ಅವಿಭಕ್ತ ಕುಟುಂಬ ಪದ್ಧತಿಯನ್ನು ರದ್ದು ಮಾಡಿದ 1975ರ ಕಾಯ್ದೆ ಜಾರಿಗೆ ಬಂದದ್ದು 1976ರ ಡಿಸೆಂಬರ್ 1ಕ್ಕೆ. ನಮ್ಮ ಅಳಿಯಸಂತಾನದ ಕುಟುಂಬಗಳೂ ಅವುಗಳ ಕವಲುಗಳಾದ ಕವರುಗಳೂ ಅದರಲ್ಲಿ ಸೇರಿದವು. ಆ ದಿನ ಕುಟುಂಬದಲ್ಲಿ ಇದ್ದ ಪ್ರತಿಯೊಬ್ಬರಿಗೂ ತಲೆಗೊಂದರಂತೆ ಪಾಲು ಆದ ಹಾಗೆ ಕಾನೂನು ಲೆಕ್ಕ ಹಾಕುತ್ತದೆ. ಗಡಿಕಲ್ಲು ಹಾಕಿ ಬೇರೆ ಮಾಡಿರಬೇಕಂತಿಲ್ಲ. ನಿಮ್ಮ ಅಮ್ಮ ಆ ಮೊದಲೇ ಹುಟ್ಟಿದ್ದರೆ, ಆಮೇಲೆ ಬಿಟ್ಟುಕೊಟ್ಟ ಪತ್ರ ಏನೂ ಇಲ್ಲದಿದ್ದರೆ, ಆ ತೋಟದಲ್ಲಿ ಅವರ ಪಾಲು ಉಂಟು. ರಶೀದಿ ಯಾರ ಹೆಸರಿನಲ್ಲಿ ಬಂದರೂ ಅದು ಬದಲಾಗುವುದಿಲ್ಲ. ಬಿದ್ದ ಮರದಲ್ಲೂ ಅವರ ಪಾಲು ಉಂಟು. ಅಮ್ಮ ನಿಮ್ಮ ಮೇಲೆ ಪೂರ್ತಿ ಅವಲಂಬಿತರು. ಅಂಚೆಯಣ್ಣ, ಈಗ ನೀವು ಹೇಳಿದ ನಿಯಮದ ಅಕ್ಷರವನ್ನೇ ಹಿಡಿದರೂ ಇವರು ಒಳಗೆ ಬರ್ತಾರೆ.

ಇದನ್ನು ಯಾಕೆ ಕೆದಕಿದೆ ಅಂದರೆ, ನಮ್ಮ ಕಡೆ "ಮಾವನ ಜಾಗ", "ಅಣ್ಣನ ತೋಟ" ಅಂತ ಬಾಯಿಮಾತಿಗೆ ಹೇಳುವ ಎಷ್ಟೋ ಜಾಗ ಕಾಗದದಲ್ಲಿ ಕೂಡುಹಕ್ಕಿನದ್ದು. ನನಗೆ ಏನೂ ಹಿತಾಸಕ್ತಿ ಇಲ್ಲ ಅಂತ ಬರೆದು ಸಹಿ ಹಾಕುವ ಮೊದಲು ಗ್ರಾಮ ಕಚೇರಿಯ ಭೂದಾಖಲೆಯಾದ ತಂಡಪೇರ್ ಒಮ್ಮೆ ನೋಡಬೇಕು.

ಅಂಚೆಯಣ್ಣ

ಅವಲಂಬಿತ ಅಮ್ಮನ ಪಾಲು ಇದ್ದರೆ ಸರಿ, ಒಪ್ಪಿದೆ. ಆ ವಿವರ ಮೊದಲು ಹೇಳಿರಲಿಲ್ಲ. ಆದರೆ ಪಾಲಿಲ್ಲದ ಬರೀ ಸೋದರಮಾವ ಆಗಿದ್ದರೆ ನಡತೆ ನಿಯಮದ ಪ್ರಕಾರ ತಪ್ಪಲ್ಲ ಅನ್ನುವ ನನ್ನ ಮಾತಿಗೆ ನಾನು ಈಗಲೂ ಬದ್ಧ.

ಗಡಿನಾಡ ಸಹಾಯಕಿ

ನಾನು ಈ ದಿಕ್ಕಿನಲ್ಲಿ ಯೋಚನೆಯೇ ಮಾಡಿರಲಿಲ್ಲ. ಅಮ್ಮ 1976ಕ್ಕಿಂತ ಮೊದಲು ಹುಟ್ಟಿದವರು. ಪತ್ರ ಏನೂ ಆಗಿಲ್ಲ. ಹಾಗಾದರೆ ನಾನು ಈಗ ಎಂತ ಮಾಡಬೇಕು? ಕೃಷಿ ಅಧಿಕಾರಿಗೆ ಬಾಯಲ್ಲಿ ಹೇಳಿದರೆ ಸಾಕಾ?

ಕಲೆಕ್ಟರೇಟ್ ನಿವೃತ್ತ

ಬಾಯಲ್ಲಿ ಹೇಳಿದ್ದು ಮೂರು ವರ್ಷ ಕಳೆದು ಆಡಿಟ್ ಬರುವಾಗ ಯಾರಿಗೂ ನೆನಪಿರುವುದಿಲ್ಲ. ಬರೆದು ಕೊಡಿ. ತೋಟಕ್ಕೆ ಹೋಗುವ ಮೊದಲೇ ಕೊಡಿ. ನೋಡಿ ಬಂದ ಮೇಲೆ ಕೊಟ್ಟರೆ ಅದಕ್ಕೆ ಅರ್ಧ ಬೆಲೆಯೂ ಇಲ್ಲ. ಆಗ ಎಣಿಕೆ ನಿಮ್ಮ ತಲೆಯಲ್ಲಿ ಇರುತ್ತದೆ, ಮುಂದೆ ಹೋಗುವವರಿಗೆ ನೀವು ಅದನ್ನು ಹೇಳಿದ್ದೀರಿ ಅಂತ ಜನ ನಂಬುತ್ತಾರೆ.

ಟಿಪ್ಪಣಿ ಉದ್ದ ಬೇಡ. ನಾನಾದರೆ ಹೀಗೆ ಬರೆಯುತ್ತಿದ್ದೆ: "ಈ ಕಡತದ ಅರ್ಜಿದಾರರು ನನ್ನ ತಾಯಿಯ ಸಹೋದರರು. ಅರ್ಜಿಯಲ್ಲಿ ತೋರಿಸಿದ ಜಾಗದಲ್ಲಿ ನನ್ನ ತಾಯಿಗೂ ಹಕ್ಕು ಇರುವ ಸಾಧ್ಯತೆ ಇದೆ. ನಾನು ಈವರೆಗೆ ಸ್ಥಳ ಪರಿಶೀಲನೆ ಮಾಡಿಲ್ಲ. ಈ ಅರ್ಜಿಯ ಪರಿಶೀಲನೆಯನ್ನು ಬೇರೆಯವರಿಗೆ ವಹಿಸಿಕೊಡಬೇಕಾಗಿ ವಿನಂತಿ." ಅರ್ಜಿಯ ನಂಬ್ರ, ಸರ್ವೆ ನಂಬ್ರ, ದಿನಾಂಕ ಹಾಕಿ. ಅರ್ಜಿದಾರರು ಒಳ್ಳೆಯವರು, ನಷ್ಟ ನಿಜವಾಗಿಯೂ ಆಗಿದೆ ಅಂತ ಒಂದು ಸಾಲೂ ಸೇರಿಸಬೇಡಿ. ಅದು ಶಿಫಾರಸು ಆಗಿಬಿಡುತ್ತದೆ. ಕನ್ನಡದಲ್ಲಿ ಬರೆಯುವ ಆಸೆ ನನಗೂ ಉಂಟು, ಆದರೆ ಬ್ಲಾಕಿನಲ್ಲಿ ಕೂತವರಿಗೆ ಕನ್ನಡ ಬಾರದಿದ್ದರೆ ಕಡತ ಅಲ್ಲೇ ಕೂರುತ್ತದೆ. ಇದನ್ನು ಮಲಯಾಳದಲ್ಲೇ ಬರೆಯಿರಿ.

ಬೇರೆಯವರಿಗೆ ವಹಿಸಿದ ಆದೇಶ ಕಡತದಲ್ಲಿ ಬರಬೇಕು, ಅದನ್ನು ಕೇಳಿ ಪಡೆಯಿರಿ. ಆಮೇಲೆ ಆ ಕಡತವನ್ನು ನಿಮ್ಮ ಲಾಗಿನ್‌ನಲ್ಲಿ ತೆರೆಯಬೇಡಿ. ತೋಟಕ್ಕೆ ಹೋಗುವ ಸಹೋದ್ಯೋಗಿಗೆ ದಾರಿ ತೋರಿಸಲಿಕ್ಕೂ ಜೊತೆಗೆ ಹೋಗಬೇಡಿ. ಅವರು ಬಂದ ದಿನ ಮಾವನ ಮನೆಯಲ್ಲಿ ಚಾ ತಿಂಡಿ ಬಡಿಸುವವರು ನೀವಾಗಬಾರದು.

ಬಾಯಾರು ಕೃಷಿಕ

ಈಗ ಅರ್ಥ ಆಯ್ತು. ಆದರೆ ಒಂದು ಮಾತು ಸರ್. ನಮ್ಮ ಊರಿನಲ್ಲಿ ಯಾರು ಯಾರಿಗೆ ಸಂಬಂಧ ಇಲ್ಲ? ಒಂದು ವಾರ್ಡಿನಲ್ಲಿ ಅರ್ಧ ಮನೆ ನೆಂಟರು, ಉಳಿದರ್ಧ ಒಟ್ಟಿಗೆ ಶಾಲೆಗೆ ಹೋದವರು. ಎಲ್ಲದಕ್ಕೂ ಹೀಗೆ ಬರೆದು ಕೊಟ್ಟರೆ ನಮ್ಮ ಮರ ಎಣಿಸಲಿಕ್ಕೆ ಜನ ಎಲ್ಲಿಂದ ಬರಬೇಕು? ತಿರುವನಂತಪುರದಿಂದಲಾ?

ಹೊಸಂಗಡಿ ವಕೀಲೆ

ನಿಮ್ಮ ಮಾತಿನಲ್ಲಿ ಹುರುಳಿದೆ. ಬದಲಿಗೆ ಯಾರೂ ಸಿಗುವುದೇ ಇಲ್ಲ ಅಂತಾದರೆ, ಸಂಬಂಧ ಇದ್ದರೂ ಆ ಕೆಲಸ ಅವರೇ ಮಾಡಬಹುದು ಅಂತ ಕೋರ್ಟುಗಳೇ ಒಪ್ಪಿವೆ. ಕೆಲಸ ನಿಂತುಹೋಗಬಾರದು ಅನ್ನುವ ಅನಿವಾರ್ಯತೆ ಅದು. ಆದರೆ ಇಲ್ಲಿ ಆ ಪರಿಸ್ಥಿತಿ ಇಲ್ಲ. ಅದೇ ಕೃಷಿ ಭವನದಲ್ಲಿ ಇನ್ನೊಬ್ಬ ಸಹಾಯಕರು ಇರಬಹುದು, ಕೃಷಿ ಅಧಿಕಾರಿಯೇ ಹೋಗಬಹುದು, ಅದೂ ಆಗದಿದ್ದರೆ ಬ್ಲಾಕಿನ ಸಹಾಯಕ ನಿರ್ದೇಶಕರು ಪಕ್ಕದ ಪಂಚಾಯತಿನಿಂದ ಒಬ್ಬರನ್ನು ಕಳಿಸಬಹುದು. ಅನಿವಾರ್ಯ ಅಂತ ಹೇಳಲಿಕ್ಕೆ ಮೊದಲು ಇಷ್ಟನ್ನೆಲ್ಲ ಪ್ರಯತ್ನಿಸಿರಬೇಕು.

ದೂರದ ನೆಂಟರ ವಿಷಯದಲ್ಲಿ ಗೆರೆ ಎಲ್ಲಿ ಅಂತ ಕಾನೂನು ಅಳತೆಗೋಲು ಕೊಟ್ಟಿಲ್ಲ. ನನ್ನ ಅಭಿಪ್ರಾಯದಲ್ಲಿ, ಬದಲಿ ಜನ ಸುಲಭಕ್ಕೆ ಸಿಗುವಾಗ ಚಿಕ್ಕಮ್ಮನ ಮಗನ ಅರ್ಜಿಯನ್ನೂ ಬಿಟ್ಟುಕೊಡುವುದೇ ಸರಿ.

ಕಲೆಕ್ಟರೇಟ್ ನಿವೃತ್ತ

ಇಲ್ಲಿ ನನಗೆ ವಕೀಲರ ಮಾತು ಪೂರ್ತಿ ಒಪ್ಪಿಗೆ ಇಲ್ಲ. ಕಚೇರಿ ನಡೆಸಿದವನಾಗಿ ಹೇಳುವುದಾದರೆ, ದೂರದ ಸಂಬಂಧಕ್ಕೆ "ಹೀಗೊಂದು ಸಂಬಂಧ ಉಂಟು" ಅಂತ ಕಡತದಲ್ಲಿ ಬರೆದು ಮೇಲಧಿಕಾರಿಯ ತೀರ್ಮಾನಕ್ಕೆ ಬಿಡಬೇಕು. ನೀವೇ ಮಾಡಿ ಅಂದರೆ ಮಾಡಬೇಕು. ಇಲ್ಲದಿದ್ದರೆ ಕಷ್ಟದ ಕಡತ ಬಂದಾಗಲೆಲ್ಲ ಒಂದು ನೆಂಟಸ್ತಿಕೆ ಹುಡುಕಿ ಪಕ್ಕದ ಮೇಜಿಗೆ ದೂಡುವವರು ಹುಟ್ಟಿಕೊಳ್ಳುತ್ತಾರೆ. ನಾನು ಅಂಥವರನ್ನೂ ನೋಡಿದ್ದೇನೆ.

ಟಪಾಲು ವಿಭಾಗ

ನಡುವೆ ಬಾಯಿ ಹಾಕ್ತೇನೆ, ಕ್ಷಮಿಸಿ. ನಾನು ಒಂದು ಪಂಚಾಯತ್ ಕಚೇರಿಯಲ್ಲಿ ಕ್ಲರ್ಕ್. ನನ್ನ ಹೆಂಡತಿ ಅದೇ ಪೇಟೆಯಲ್ಲಿ ಆನ್‌ಲೈನ್ ಸೇವೆಯ ಅಂಗಡಿ ಇಟ್ಟಿದ್ದಾಳೆ. ಜನ ಅವಳಲ್ಲಿ ಅರ್ಜಿ ತುಂಬಿಸಿ ಹಾಕ್ತಾರೆ, ಆ ಅರ್ಜಿ ನನ್ನ ಸೆಕ್ಷನ್ನಿಗೆ ಬರ್ತದೆ. ನಾನು ಯಾರನ್ನೂ ಅಲ್ಲಿಗೆ ಕಳಿಸಿಲ್ಲ. ಆದರೆ ಕೌಂಟರಿನಲ್ಲಿ ಅರ್ಜಿಯಲ್ಲಿ ತಪ್ಪುಂಟು ಅಂತ ವಾಪಸು ಕೊಟ್ಟರೆ ಕೆಲವರು ಅವರಾಗಿಯೇ "ಹಾಗಾದರೆ ನಿಮ್ಮ ಮನೆಯವರ ಅಂಗಡಿಯಲ್ಲೇ ಮಾಡಿಸ್ತೇವೆ" ಅಂತಾರೆ. ಇದು ನಿಮ್ಮ ಚರ್ಚೆಗೆ ಬರ್ತದಾ?

ಕಲೆಕ್ಟರೇಟ್ ನಿವೃತ್ತ

ಬರುತ್ತದೆ. ನಿಮ್ಮದು ಇವರದ್ದಕ್ಕಿಂತ ಕಷ್ಟದ್ದು. ಇವರದ್ದು ಒಂದು ಕಡತ, ಬಿಟ್ಟುಕೊಟ್ಟರೆ ಮುಗಿಯಿತು. ನಿಮ್ಮದು ದಿನಾ ಇರುವುದು. ನೀವು ಒಂದು ಅರ್ಜಿಯನ್ನು ವಾಪಸು ಕೊಟ್ಟಾಗಲೆಲ್ಲ ಜನರಿಗೆ ಅದರ ಹಿಂದೆ ನಿಮ್ಮ ಹೆಂಡತಿಯ ಅಂಗಡಿ ಕಾಣುತ್ತದೆ. ನೀವು ಏನೂ ಹೇಳದಿದ್ದರೂ ಕಾಣುತ್ತದೆ. ಅಂಗಡಿಯ ವಿಷಯ ಸೆಕ್ರೆಟರಿಯವರಿಗೆ ಬರೆದು ಕೊಟ್ಟು, ಅರ್ಜಿ ಬಾರದ ಬೇರೆ ಸೆಕ್ಷನ್ ಕೇಳಿ. ಅಂಗಡಿ ಅವರ ಹೆಸರಿನಲ್ಲಿ ಇದ್ದು ಅವರೇ ನಡೆಸುವುದಾದರೆ ಅದು ಅವರ ಉದ್ಯೋಗ, ಅದಕ್ಕೆ ತಕರಾರಿಲ್ಲ. ಸಂಜೆ ನೀವು ಹೋಗಿ ಕೂರುವುದಾದರೆ ಸರ್ಕಾರಿ ನೌಕರ ಖಾಸಗಿ ವ್ಯಾಪಾರ ಮಾಡಿದ ಹಾಗೆ ಆಗುತ್ತದೆ, ಅದು ಬೇರೆಯೇ ತಪ್ಪು.

ಟಪಾಲು ವಿಭಾಗ

ಸಂಜೆ ಬಾಗಿಲು ಹಾಕಲಿಕ್ಕೆ ಹೋಗ್ತೇನೆ, ಅಷ್ಟೇ. ಸೆಕ್ಷನ್ ಬದಲಾಯಿಸಲಿಕ್ಕೆ ಕೇಳ್ತೇನೆ.

ಗಡಿನಾಡ ಸಹಾಯಕಿ

ಬೆಳೆನಾಶದ ಟಿಪ್ಪಣಿ ಇವತ್ತು ಬರೆದು ಕೊಟ್ಟೆ. ಇನ್ನು ಪಂಪ್‌ಸೆಟ್ಟಿನದ್ದು. ಕೃಷಿ ಅಧಿಕಾರಿಯವರು ಹೇಳಿದ್ದು, "ಮಾವನ ಅರ್ಜಿಗೆ ನಾನು ಅಂಕ ಹಾಕ್ತೇನೆ, ಉಳಿದ 46ಕ್ಕೆ ನೀವು ಹಾಕಿ" ಅಂತ. ಅದಾದರೆ ಸರಿ ಅಲ್ವಾ?

ಅಂಚೆಯಣ್ಣ

ಅದು ನೂರಕ್ಕೆ ನೂರು ಸರಿ. ಮೇಲಧಿಕಾರಿಗೆ ಒಪ್ಪಿಸಿ ಆಯ್ತಲ್ಲ.

ಹೊಸಂಗಡಿ ವಕೀಲೆ

ಸರಿ ಅಲ್ಲ. ಇಲ್ಲಿಯೇ ಹೆಚ್ಚಿನವರು ಎಡವುವುದು, ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಬೆಳೆನಾಶದಲ್ಲಿ ಒಬ್ಬರಿಗೆ ಸಿಕ್ಕಿತು ಅಂತ ಇನ್ನೊಬ್ಬರದ್ದು ತಪ್ಪುವುದಿಲ್ಲ. ಮಾವನ ಅರ್ಜಿ ಒಂದನ್ನು ಬಿಟ್ಟರೆ ಸಾಕು. ಪಂಪ್‌ಸೆಟ್ಟು ಹಾಗಲ್ಲ. 20 ಇದ್ದಲ್ಲಿ 47 ಜನ ನಿಂತಿದ್ದಾರೆ. ಕೃಷಿ ಅಧಿಕಾರಿ ಮಾವನಿಗೆ ನ್ಯಾಯವಾಗಿ ಅಂಕ ಹಾಕಿದರು, ಅವರು 22ನೆಯವರಾಗಿ ಬಂದರು ಅಂತ ಇಟ್ಟುಕೊಳ್ಳಿ. ಮೇಲಿನ 21 ಜನರ ದಾಖಲೆ ನೋಡುವವರು ನೀವು. ಒಬ್ಬರ ಬಾವಿ ಅಣ್ಣತಮ್ಮಂದಿರಿಗೆ ಕೂಡುಬಾವಿ, ಸ್ವಂತ ನೀರಿನ ಮೂಲ ಇಲ್ಲ ಅಂತ ತೆಗೆದಿರಿ. ಇನ್ನೊಬ್ಬರ ತೆರಿಗೆ ರಶೀದಿ ಹಳೆ ವರ್ಷದ್ದು ಅಂತ ತೆಗೆದಿರಿ. ಎರಡೂ ನಿಯಮದ ಪ್ರಕಾರವೇ ಇರಬಹುದು. ಮಾವ 20ಕ್ಕೆ ಬಂದು ಕೂತರು. ಮಾವನ ಕಡತವನ್ನು ನೀವು ಮುಟ್ಟಿಯೇ ಇಲ್ಲ.

ಇದೇ ಸಂಗತಿ 1969ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು, ಕ್ರೈಪಾಕ್ ಪ್ರಕರಣ. ಜಮ್ಮು ಮತ್ತು ಕಾಶ್ಮೀರದ ಅರಣ್ಯ ಇಲಾಖೆಯಿಂದ ಭಾರತೀಯ ಅರಣ್ಯ ಸೇವೆಗೆ ಅಧಿಕಾರಿಗಳನ್ನು ಆರಿಸುವ ಮಂಡಳಿ. ಅಲ್ಲಿನ ಪ್ರಭಾರ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿ ಮಂಡಳಿಯ ಸದಸ್ಯರೂ ಹೌದು, ಅಭ್ಯರ್ಥಿಯೂ ಹೌದು. ತನ್ನ ಹೆಸರು ಬಂದಾಗ ಅವರು ಭಾಗವಹಿಸಲಿಲ್ಲ. ಆದರೆ ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಕೂತಿದ್ದರು, ಕೊನೆಯ ಕ್ರಮಪಟ್ಟಿ ಮಾಡುವಾಗಲೂ ಇದ್ದರು. ಪಟ್ಟಿಯಲ್ಲಿ ಅವರದ್ದೇ ಮೊದಲ ಹೆಸರು. ಮಂಡಳಿಯ ಬೇರೆ ಸದಸ್ಯರು ನಮ್ಮ ಮೇಲೆ ಅವರ ಪ್ರಭಾವ ಇರಲಿಲ್ಲ ಅಂತ ಹೇಳಿದರೂ ಕೋರ್ಟು ಒಪ್ಪಲಿಲ್ಲ. ಆ ಪಟ್ಟಿ ಆಮೇಲೆ ಕೇಂದ್ರ ಲೋಕಸೇವಾ ಆಯೋಗಕ್ಕೆ ಹೋಗಿ ಬಂದಿತ್ತು, ಅದನ್ನೂ ಒಪ್ಪಲಿಲ್ಲ. ಕೆಳಗೆ ಕೆಟ್ಟದ್ದು ಮೇಲೆ ಹೋದದ್ದರಿಂದ ಸರಿಯಾಗುವುದಿಲ್ಲ ಅನ್ನುವ ಅರ್ಥದಲ್ಲಿ ಇಡೀ ಆಯ್ಕೆಯನ್ನೇ ರದ್ದು ಮಾಡಿತು.

ಈಗ ನಿಮ್ಮದಕ್ಕೆ ಹೋಲಿಸಿ. ಕರಡು ಪಟ್ಟಿ ಕೃಷಿ ಅಧಿಕಾರಿ ನೋಡ್ತಾರೆ, ಗ್ರಾಮಸಭೆಗೆ ಹೋಗ್ತದೆ, ಪಂಚಾಯತ್ ಸಮಿತಿ ಒಪ್ಪಿಗೆ ಕೊಡ್ತದೆ, ಹಾಗಾಗಿ ನನ್ನದೇನೂ ನಡೆಯುವುದಿಲ್ಲ ಅನ್ನಲಿಕ್ಕೆ ಆಗುವುದಿಲ್ಲ. 21ನೆಯ ಸ್ಥಾನಕ್ಕೆ ಬಿದ್ದವರು ಒಂದು ದೂರು ಕೊಟ್ಟರೆ ಉಳಿದ 19 ಜನರ ಪಂಪ್‌ಸೆಟ್ಟೂ ಅಲ್ಲೇ ನಿಲ್ಲಬಹುದು.

ಕಲೆಕ್ಟರೇಟ್ ನಿವೃತ್ತ

ವಕೀಲರೇ, ಆ ಪ್ರಕರಣ ನಾನೂ ಕೇಳಿದ್ದೇನೆ. ಆದರೆ ಹರಿಯಾಣದ ಲೋಕಸೇವಾ ಆಯೋಗದ ವಿಷಯದಲ್ಲಿ 1985ರಲ್ಲಿ ಕೋರ್ಟು ಬೇರೆ ಹೇಳಿತಲ್ಲ? ಸದಸ್ಯರ ಹತ್ತಿರದ ಸಂಬಂಧಿ ಸಂದರ್ಶನಕ್ಕೆ ಬಂದರೆ ಆ ಒಬ್ಬರ ಮಟ್ಟಿಗೆ ಎದ್ದು ಹೋದರೆ ಸಾಕು, ಇಡೀ ಆಯ್ಕೆಯಿಂದ ಹೊರಗೆ ಇರಬೇಕಾಗಿಲ್ಲ ಅಂತ.

ಹೊಸಂಗಡಿ ವಕೀಲೆ

ಹೌದು ಸರ್, ಅಶೋಕ್ ಕುಮಾರ್ ಯಾದವ್ ಪ್ರಕರಣ. ಅಲ್ಲಿ ಕೋರ್ಟು ಕೊಟ್ಟ ಕಾರಣ ನೋಡಬೇಕು. ಲೋಕಸೇವಾ ಆಯೋಗ ಸಂವಿಧಾನದ ಸಂಸ್ಥೆ, ಸದಸ್ಯರು ಎದ್ದು ಹೋದರೆ ಅವರ ಕುರ್ಚಿಯಲ್ಲಿ ಬೇರೆಯವರನ್ನು ಕೂರಿಸಲಿಕ್ಕೆ ಬರುವುದಿಲ್ಲ. ಅಲ್ಲಿಯೂ, ಸಂಬಂಧಿಗೆ ಎಷ್ಟು ಅಂಕ ಬಂತು ಅಂತ ಆ ಸದಸ್ಯರಿಗೆ ತಿಳಿಯಕೂಡದು ಅಂತ ಹೇಳಿದೆ. ಕೃಷಿ ಭವನದಲ್ಲಿ ಕರಡು ಪಟ್ಟಿ ಮಾಡಲಿಕ್ಕೆ ಬದಲಿ ಜನ ಇದ್ದಾರೆ. ಹಾಗಾಗಿ ಇದು ಕ್ರೈಪಾಕಿನ ಹತ್ತಿರ ಬರುತ್ತದೆ ಅಂತ ನನ್ನ ಓದು.

ಕಲೆಕ್ಟರೇಟ್ ನಿವೃತ್ತ

ನೀವು ಹೇಳುವುದು ತೂಕದ ಮಾತು. ಆದರೂ ಪ್ರತಿ ಯೋಜನೆಯಲ್ಲೂ ಸಹಾಯಕರ ಒಬ್ಬ ನೆಂಟ ಅರ್ಜಿ ಹಾಕಿರುತ್ತಾನೆ, ಪ್ರತಿ ಸಲ ಇಡೀ ಪಟ್ಟಿ ಕೈ ಬದಲಾಯಿಸಲಿಕ್ಕೆ ಸಾಧ್ಯವಾ ಅನ್ನುವ ಸಂಶಯ ನನಗೆ ಉಳಿದಿದೆ. ಅಂಕ ಹಾಕುವವರ ಇಷ್ಟಕ್ಕೆ ಏನೂ ಬಿಡದೆ, ಸ್ವಂತ ನೀರಿನ ಮೂಲ ಅಂದರೆ ಏನು, ಕೂಡುಬಾವಿ ಆಗುತ್ತದಾ ಇಲ್ಲವಾ, ರಶೀದಿ ಯಾವ ವರ್ಷದ್ದು ಬೇಕು ಅಂತ ಅರ್ಜಿ ಕರೆಯುವಾಗಲೇ ಬರೆದು ಹಚ್ಚಿದರೆ ಅರ್ಧ ಸಮಸ್ಯೆ ಇರುವುದಿಲ್ಲ. ಅದು ಮುಂದಿನ ವರ್ಷಕ್ಕೆ. ಈ ಸಲ ತಂಗಿ ಪಟ್ಟಿಯನ್ನು ಬಿಟ್ಟುಕೊಡುವುದೇ ಒಳ್ಳೆಯದು ಅಂತ ನಾನೂ ಹೇಳುತ್ತೇನೆ.

ಬಾಯಾರು ಕೃಷಿಕ

ಕೂಡುಬಾವಿಯ ವಿಷಯ ಹೇಳಿದಿರಲ್ಲ, ಹೋದ ಸಲ ನನ್ನ ಅರ್ಜಿ ಹೋದದ್ದು ಅದರಲ್ಲೇ. ಯಾರೂ ಮೊದಲೇ ಹೇಳಿರಲಿಲ್ಲ. ಪಟ್ಟಿ ಮಾಡಿದವರಿಗೆ ಯಾರು ನೆಂಟರು ಅಂತ ಈಗ ಕೇಳಬಹುದಾ?

ಹೊಸಂಗಡಿ ವಕೀಲೆ

ನೆಂಟಸ್ತಿಕೆ ಕೇಳಿದರೆ ಉತ್ತರ ಬರುವುದಿಲ್ಲ. ಮಾಹಿತಿ ಹಕ್ಕಿನಲ್ಲಿ ನಿಮ್ಮ ಅರ್ಜಿಯ ಪರಿಶೀಲನಾ ಟಿಪ್ಪಣಿ, ಅಂಕಪಟ್ಟಿ, ಅಂಕ ಹಾಕಿದವರ ಹುದ್ದೆ ಮತ್ತು ಕೂಡುಬಾವಿಯನ್ನು ತಿರಸ್ಕರಿಸಲಿಕ್ಕೆ ಆಧಾರವಾದ ಮಾರ್ಗಸೂಚಿಯ ಪ್ರತಿ ಕೇಳಿ. ಬೇರೆ ಕೂಡುಬಾವಿಯವರಿಗೆ ಸಿಕ್ಕಿದೆಯಾ ಅನ್ನುವುದು ಅದರಲ್ಲೇ ಗೊತ್ತಾಗುತ್ತದೆ.

ಗಡಿನಾಡ ಸಹಾಯಕಿ

ಬೆಳೆನಾಶದ್ದು ಪಕ್ಕದ ಪಂಚಾಯತಿನ ಸಹಾಯಕರಿಗೆ ವಹಿಸಿ ಆದೇಶ ಆಯ್ತು. ಅವರು ತೋಟಕ್ಕೆ ಹೋಗಿ ಬಂದರು ಅಂತ ಕೇಳಿದೆ. ಎಷ್ಟು ಬರೆದರು ಅಂತ ಕೇಳಿಲ್ಲ. ಅಮ್ಮನಿಗೂ ಕೇಳಬೇಡಿ ಅಂತ ಹೇಳಿದ್ದೇನೆ.

ಪಂಪ್‌ಸೆಟ್ಟಿನ ಪಟ್ಟಿಗೂ ಟಿಪ್ಪಣಿ ಕೊಟ್ಟೆ, ಇಡೀ ಪಟ್ಟಿಯಿಂದ ನನ್ನನ್ನು ಬಿಡಿ ಅಂತ. ಅಧಿಕಾರಿಯವರಿಗೆ ಬೇಸರ ಆಗಿದೆ. ಮಾರ್ಚ್ ಒಳಗೆ ಹಣ ಖರ್ಚಾಗಬೇಕು, ಉಳಿದ ಸಹಾಯಕರಿಗೆ ಈಗಲೇ ಕೆಲಸ ತುಂಬ, ನೀನು ಕೆಲಸ ತಪ್ಪಿಸ್ತಿ ಅಂತ ಅವರಿಗೆ ಅನ್ನಿಸ್ತದೆ ಅಂದರು. ತೀರ್ಮಾನ ಇನ್ನೂ ಬರೆದು ಕೊಟ್ಟಿಲ್ಲ. ನೀವೇ ಮಾಡಿ ಅಂತ ಬಾಯಲ್ಲಿ ಹೇಳಿದರೆ ಎಂತ ಮಾಡುವುದು?

ಕಲೆಕ್ಟರೇಟ್ ನಿವೃತ್ತ

ಬದಲಿಗೆ ಆ ಸಹಾಯಕರ ಒಂದು ವಾರ್ಡಿನ ಪರಿಶೀಲನೆ ನಾನು ತೆಗೆದುಕೊಳ್ಳುತ್ತೇನೆ ಅಂತ ನೀವೇ ಮುಂದಾಗಿ ಹೇಳಿ. ಕೆಲಸ ತಪ್ಪಿಸುವ ಮಾತು ಅಲ್ಲಿಗೆ ನಿಲ್ಲುತ್ತದೆ. ಆಮೇಲೂ ನೀವೇ ಮಾಡಿ ಅಂದರೆ ನಿಮ್ಮ ಟಿಪ್ಪಣಿಯ ಕೆಳಗೇ ಆ ಆದೇಶ ಬರೆಯಲಿಕ್ಕೆ ವಿನಯದಿಂದ ಕೇಳಿ. ಬರೆಯುವ ಮಾತು ಬಂದಾಗ ಹೆಚ್ಚಿನ ಅಧಿಕಾರಿಗಳು ಇನ್ನೊಮ್ಮೆ ಯೋಚಿಸುತ್ತಾರೆ. ಬರೆದೇ ಕೊಟ್ಟರೆ ಅದರ ಪ್ರತಿ ಇಟ್ಟುಕೊಂಡು, ಬ್ಲಾಕಿನ ಸಹಾಯಕ ನಿರ್ದೇಶಕರಿಗೆ ಒಂದು ಪ್ರತಿ ಹೋಗುವ ಹಾಗೆ ಮಾಡಿ.

ಅಂಚೆಯಣ್ಣ

ಬರೆದು ಆದೇಶ ಕೊಟ್ಟ ಮೇಲೆ ಮಾಡಲೇಬೇಕು, ಇಲ್ಲದಿದ್ದರೆ ಅದು ಅವಿಧೇಯತೆ. ಆ ಮಟ್ಟಿಗೆ ಸರ್ ಹೇಳಿದ್ದು ಸರಿ.

ಹೊಸಂಗಡಿ ವಕೀಲೆ

ಮಾಡಿದರೆ ಅವರ ಮೇಲೆ ಶಿಸ್ತುಕ್ರಮ ಬರಲಿಕ್ಕಿಲ್ಲ. ಪಟ್ಟಿ ಕೋರ್ಟಿನಲ್ಲಿ ನಿಲ್ಲುತ್ತದಾ ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ. ಸಹಾಯಕ ನಿರ್ದೇಶಕರಿಗೆ ಕಳಿಸುವ ಪ್ರತಿಯಲ್ಲಿ ಬದಲಿ ಸಹಾಯಕರು ಇದ್ದಾರೆ ಅನ್ನುವ ವಾಕ್ಯ ಖಂಡಿತ ಇರಲಿ.

ಗಡಿನಾಡ ಸಹಾಯಕಿ

ವಾರ್ಡು ಅದಲುಬದಲು ಮಾಡುವ ಮಾತು ನಾಳೆ ಬೆಳಿಗ್ಗೆಯೇ ಹೇಳ್ತೇನೆ. ನಮ್ಮ ಇನ್ನೊಬ್ಬ ಸಹಾಯಕರ ಪಾಲಿಗೆ ಗುಡ್ಡದಾಚೆಯ ವಾರ್ಡು ಇರುವುದು, ಅಲ್ಲಿಗೆ ಬಸ್ಸು ಕಡಿಮೆ. ಅದನ್ನು ನಾನು ತೆಗೆದುಕೊಂಡರೆ ಅವರು ಒಪ್ಪಬಹುದು.